ಸೊಂಡಿಲು ಮೇಲೆ, ಪುಟ್ಟೂ!

ಎರಡು ವರ್ಷದ ಮಗು ಬಚ್ಚಲುಮನೆಯ ಬಾಗಿಲಲ್ಲೇ ರಚ್ಚೆ ಹಿಡಿದರೆ, ಅದಕ್ಕೆ ನೀರೆಂದರೆ ಹೆದರಿಕೆ ಎಂದುಕೊಳ್ಳುತ್ತೇವೆ. ಆದರೆ ಅದೇ ಮಗು ಬಕೆಟ್ಟಿನ ನೀರಿನಲ್ಲಿ ಖುಷಿಯಾಗಿ ಕೈಯಾಡಿಸುತ್ತದೆ. ಎಷ್ಟೋ ಮಕ್ಕಳ ಅಳು ಶುರುವಾಗುವುದು ಚೊಂಬು ನೆತ್ತಿಯ ಮೇಲೆ ಬಂದಾಗ. ಕಣ್ಣು ಉರಿಯುತ್ತದೆ, ಮೂಗಿಗೆ ನೀರು ನುಗ್ಗುತ್ತದೆ, ಒಂದು ಗಳಿಗೆ ಅಮ್ಮನ ಮುಖವೇ ಕಾಣುವುದಿಲ್ಲ. ಮಲಗುವ ಹೊತ್ತಿನ ಕಥೆ ಹಿಡಿಯಬೇಕಾದದ್ದು ಈ ಗಳಿಗೆಯನ್ನು.

ಆನೆಮರಿ ಈ ಕಥೆಗೆ ಹೇಳಿಮಾಡಿಸಿದ ನಾಯಕ. ಹುಟ್ಟಿದ ಮರಿಗೆ ಸೊಂಡಿಲು ಹತೋಟಿಯಲ್ಲಿರುವುದಿಲ್ಲ; ಅದರಿಂದ ನೀರು ಹೀರಿ ಬಾಯಿಗೆ ಬಿಟ್ಟುಕೊಳ್ಳಲು ಕಲಿಯುವುದಕ್ಕೆ ತಿಂಗಳುಗಳೇ ಬೇಕು. ಆ ಸೊಂಡಿಲೇ ಅದರ ಮೂಗು. ಆಳದ ನೀರಿಗಿಳಿದ ಆನೆಗಳು ಸೊಂಡಿಲನ್ನು ಮೇಲೆತ್ತಿ ಉಸಿರಾಡುತ್ತವೆ. ನಮ್ಮ ಕಥೆಗೆ ಬೇಕಾದ ಉಪಾಯ ಇಲ್ಲೇ ಇದೆ.

ದುಬಾರೆಯಲ್ಲಿ ಕಾವೇರಿ ಹೊಳೆ. ಬೆಳಿಗ್ಗೆ ಆನೆಗಳಿಗೆಲ್ಲ ಸ್ನಾನ. ಅಮ್ಮ ಆನೆ ನೀರಲ್ಲಿ ಮಗ್ಗುಲಾಗಿ ಮಲಗಿತು. ಕಾವಾಡಿ ಮಾಮ ಬೆನ್ನು ತಿಕ್ಕಿದ, ಸರಸರ ಸರಸರ. ಪುಟ್ಟು ಮಾತ್ರ ದಡದಲ್ಲೇ ನಿಂತಿತು. "ಅಮ್ಮಾ, ಸೊಂಡಿಲಿಗೆ ನೀರು ಹೋಗುತ್ತೆ!" ಅಮ್ಮ ಎಳೆಯಲಿಲ್ಲ, ಗದರಲಿಲ್ಲ. "ಹೌದಾ ಕಂದಾ? ಹಾಗಾದ್ರೆ ಬರೀ ಕಾಲು" ಎಂದಿತು. ಪುಟ್ಟು ಕಾಲಿಟ್ಟಿತು, ಚಳಕ್! ಆಮೇಲೆ ಮೊಣಕಾಲು, ಚಳಕ್! ಆಮೇಲೆ ಹೊಟ್ಟೆ, ಚಳಕ್! ಇನ್ನು ತಲೆ. "ಸೊಂಡಿಲು ಮೇಲೆ, ಪುಟ್ಟೂ!" ಪುಟ್ಟು ಸೊಂಡಿಲೆತ್ತಿ ಆಕಾಶ ನೋಡಿತು. ನೀರು ಬೆನ್ನ ಮೇಲೆ ಜುಳುಜುಳು ಇಳಿದು ಹೋಯಿತು. ಪುಟ್ಟುಗೆ ಆಕಳಿಕೆ ಬಂತು. ಅಮ್ಮನ ಕಾಲ ಬುಡದಲ್ಲಿ ಮಲಗಿಬಿಟ್ಟಿತು.

ಕಥೆ ಇಷ್ಟೇ. ಇದರ ನಿಜವಾದ ಕೆಲಸ ಮರುದಿನದ್ದು. "ಸೊಂಡಿಲು ಮೇಲೆ" ಎಂದೊಡನೆ ಮಗು ಗಲ್ಲವನ್ನೆತ್ತಿ ಮೇಲೆ ನೋಡಿದರೆ, ತಲೆಗೆ ಹೊಯ್ದ ನೀರು ಮುಖಕ್ಕೆ ಬಾರದೆ ಹಿಂದಕ್ಕೆ ಹರಿಯುತ್ತದೆ. ಹಣೆಯ ಮೇಲೆ ಮಡಿಸಿದ ಬಟ್ಟೆ ಒತ್ತಿ ಹಿಡಿದರೆ ಇನ್ನೂ ಒಳ್ಳೆಯದು. ಕಥೆಯಲ್ಲಿದ್ದಂತೆಯೇ ಕಾಲಿನಿಂದ ಶುರುಮಾಡಿ, ಮೊದಲ ಚೊಂಬನ್ನು ಮಗುವೇ ಹೊಯ್ದುಕೊಳ್ಳಲಿ. ತಲೆಯ ಸರದಿ ಕೊನೆಗೆ.

ಹೇಳುವವರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಕಥೆ ರಂಗೇರಲೆಂದು ಹೊಳೆಗೆ ಮೊಸಳೆಯನ್ನು ತರುತ್ತಾರೆ; ಆ ಮೊಸಳೆ ಬಕೆಟ್ಟಿಗೂ ಬರುತ್ತದೆ. ಇಲ್ಲವೇ ಪುಟ್ಟುವನ್ನು ಯಾರೋ ನೀರಿಗೆ ತಳ್ಳಿ, "ನೋಡು, ಏನೂ ಆಗಲಿಲ್ಲ" ಅನ್ನುತ್ತಾರೆ. ತಳ್ಳಿಸಿಕೊಂಡ ಮರಿಯನ್ನು ಮಗು ಮರೆಯುವುದಿಲ್ಲ.

ಕಥೆ ತಾಗಿದೆಯೋ ಇಲ್ಲವೋ ತಿಳಿಯಲು "ಚಳಕ್" ಎನ್ನುವ ಮುನ್ನ ಸ್ವಲ್ಪ ನಿಲ್ಲಿಸಿ ನೋಡಿ. ನಾಲ್ಕೈದು ರಾತ್ರಿ ಅದೇ ಮಾತುಗಳಲ್ಲಿ ಹೇಳಿದ ಮೇಲೆ ಮಗುವೇ ಆ ಶಬ್ದ ಮಾಡಿದರೆ, ಪುಟ್ಟುವಿನ ಜೊತೆ ಅದೂ ನೀರಿಗಿಳಿದಿದೆ. ತಲೆಯ ಭಾಗ ಬಂದಾಗ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡರೆ, ಆ ರಾತ್ರಿ ಪುಟ್ಟು ಹೊಟ್ಟೆಯವರೆಗಷ್ಟೇ ನೆನೆದು ಮಲಗಲಿ.