ತಾಯಂದಿರ ಆರೋಗ್ಯ ಕೈಪಿಡಿಯ ಕನ್ನಡ ಅನುವಾದ: ಕಬ್ಬಿಣಾಂಶದ ಮಾತ್ರೆಯ ಪಾಠ

ಸಕಲೇಶಪುರ ಹಾಗೂ ಆಲೂರು ಭಾಗದ ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ.

‘ದ್ವಿತೀಯ ತ್ರೈಮಾಸಿಕದಿಂದ ಕಬ್ಬಿಣಾಂಶ ಪೂರಕ ಸೇವನೆ’ ಎಂಬ ಪದಶಃ ಅನುವಾದವು ಓದುಬರಹ ಕಡಿಮೆ ಇರುವ ಸ್ವಯಂಸೇವಕಿಯರಿಗೆ ತಿಳಿಯದು. ‘ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ಮಾತ್ರೆ, 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ’ ಎಂದು ಬರೆದು ಚಿತ್ರ ಸೇರಿಸುವುದು ಸೂಕ್ತ. ಕಾಫಿ ಸೀಮೆಯಲ್ಲಿ ಇನ್ನೊಂದು ಮಾತು ಅವಶ್ಯ: ಕಾಫಿ, ಚಹಾಗಳು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದರಿಂದ ಮಾತ್ರೆಗೂ ಅವುಗಳಿಗೂ ಕನಿಷ್ಠ ಒಂದು ಗಂಟೆಯ ಅಂತರವಿರಬೇಕು. ಮಲ ಕಪ್ಪಾದುದಕ್ಕೆ ಹೆದರಿ ಮಾತ್ರೆ ಬಿಡುವವರುಂಟು. ಮಾತ್ರೆಯಿಂದ ಹಾಗಾಗುವುದು ಸಹಜವೆಂದೂ ತಿಳಿಸಬೇಕು.

ಮುದ್ರಣಕ್ಕೆ ಮುನ್ನ ಪಾಠವನ್ನು ಓದಿ ಹೇಳಿ, ಪುಸ್ತಕ ಮುಚ್ಚಿ, ಸ್ವಯಂಸೇವಕಿಯರಿಂದ ಮರಳಿ ಹೇಳಿಸತಕ್ಕದ್ದು. ‘ಬೆಳಗಿನ ಕಾಫಿಯ ಜೊತೆ ಮಾತ್ರೆ’ ಎಂಬ ಉತ್ತರ ಬಂದರೆ ಆ ವಾಕ್ಯವನ್ನು ತಿದ್ದಿ, ಮತ್ತೊಮ್ಮೆ ಹೇಳಿಸಿ ನೋಡಬೇಕು.