ಕೈಗೆ ಜೋಮು ಹಿಡಿದರೆ ಮೊದಲು ನೋಡಬೇಕಾದ್ದು ಸೀಟನ್ನು

ಸೈಕಲ್ ಸವಾರನ ಭಾರವನ್ನು ಮೂರು ಜಾಗಗಳು ಹಂಚಿಕೊಂಡು ಹೊರುತ್ತವೆ: ಸೀಟು, ಪೆಡಲ್ ಮತ್ತು ಹ್ಯಾಂಡಲ್. ನಾಲ್ಕೈದು ಕಿಲೋಮೀಟರ್ ಓಡಾಟದಲ್ಲಿ ಈ ಹಂಚಿಕೆ ಹೇಗಿದ್ದರೂ ದೇಹ ಸಹಿಸಿಕೊಳ್ಳುತ್ತದೆ. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ಬರುವಾಗಲೋ, ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರ್ ಮುಗಿಸಬೇಕಾದ ಬ್ರೆವೆ ಸವಾರಿಯಲ್ಲೋ ಸಣ್ಣ ತಪ್ಪೂ ಗಂಟೆಗಟ್ಟಲೆ ಒಂದೇ ಜಾಗವನ್ನು ಒತ್ತುತ್ತದೆ. ಸೊಂಟ ನೋಯುತ್ತದೆ, ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಕೈ ಮರಗಟ್ಟಿದಾಗ ಹೆಚ್ಚಿನವರು ದಪ್ಪ ಕೈಗವಸು ಕೊಳ್ಳುತ್ತಾರೆ, ಇಲ್ಲವೇ ಹ್ಯಾಂಡಲಿನ ಹಿಡಿಕೆ ಬದಲಿಸುತ್ತಾರೆ. ಆದರೆ ಕೈಗೆ ಅಷ್ಟು ಭಾರ ಬಂದದ್ದೇಕೆ ಎಂದು ಹುಡುಕುತ್ತಾ ಹೋದರೆ ಉತ್ತರ ಬಹಳ ಸಲ ಸಿಗುವುದು ಸೀಟಿನಲ್ಲಿ. ಆದ್ದರಿಂದ ಸರಿಪಡಿಸುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು. ಸೀಟಿನ ಎತ್ತರ, ಅದರ ಓರೆ, ಅದು ಎಷ್ಟು ಹಿಂದೆ ಇರಬೇಕೆಂಬುದು ನಿಂತ ಮೇಲೆಯೇ ಹ್ಯಾಂಡಲ್ ಮುಟ್ಟಬೇಕು. ಈ ಕ್ರಮ ತಲೆಕೆಳಗಾದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತದೆ.

ಎತ್ತರಕ್ಕೆ ಒಂದು ಹಳೆಯ ಲೆಕ್ಕವಿದೆ. ಮೂರು ಸಲ ಟೂರ್ ದ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಮತ್ತು ಅವರ ಫ್ರೆಂಚ್ ತರಬೇತುದಾರ ಸಿರಿಲ್ ಗಿಮಾರ್ ಅವರಿಂದ ಅದು 1980ರ ದಶಕದಲ್ಲಿ ಜನಪ್ರಿಯವಾಯಿತು. ಬರಿಗಾಲಲ್ಲಿ ಗೋಡೆಗೆ ಬೆನ್ನು ಆನಿಸಿ, ಪಾದಗಳ ನಡುವೆ ಗೇಣಿಗಿಂತ ಸ್ವಲ್ಪ ಕಡಿಮೆ ಅಂತರವಿಟ್ಟು ನಿಲ್ಲಬೇಕು. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ಸಂದಿಯಲ್ಲಿ, ಸೀಟು ಒತ್ತುವಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ಈ ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ ಬರುವುದು, ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ದೂರ. ಬೂಟಿನ ಅಡಿಯ ದಪ್ಪ, ಪೆಡಲ್‌ನ ಬಗೆ, ಪಾದದ ಉದ್ದ ಒಬ್ಬೊಬ್ಬರದು ಒಂದೊಂದು ತರ. ಹಾಗಾಗಿ ಈ ಸಂಖ್ಯೆಯಿಂದ ಶುರುಮಾಡಬಹುದೇ ಹೊರತು ಇದನ್ನೇ ಕೊನೆಯ ಮಾತೆಂದು ನಂಬಬಾರದು.

ಲೆಕ್ಕ ಸರಿಯಿದೆಯೇ ಎಂದು ಹಿಮ್ಮಡಿಯೇ ಹೇಳುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಪಕ್ಕಕ್ಕೆ ಜಾರಬಾರದು. ಬಳಿಕ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ತಾನಾಗಿಯೇ ಸುಮಾರು 25ರಿಂದ 35 ಡಿಗ್ರಿ ಮಡಚಿಕೊಳ್ಳುತ್ತದೆ. ಸೀಟು ಇದಕ್ಕಿಂತ ಎತ್ತರವಾದರೆ ಪ್ರತಿ ತುಳಿತಕ್ಕೂ ಕಾಲು ಪೆಡಲನ್ನು ಅರಸುತ್ತಾ ಕೆಳಗಿಳಿಯುತ್ತದೆ, ಅದರ ಹಿಂದೆ ಸೊಂಟವೂ ಎಡಕ್ಕೆ ಬಲಕ್ಕೆ ತೂಗಾಡುತ್ತದೆ. ನಿಮಿಷಕ್ಕೆ ಎಂಬತ್ತು ಸುತ್ತು ತುಳಿಯುವವನ ಸೊಂಟ ಗಂಟೆಗೆ ಸಾವಿರಾರು ಸಲ ಹೀಗೆ ಎಳೆದಾಡಿಸಿಕೊಳ್ಳುತ್ತದೆ. ಕೆಳಬೆನ್ನಿನ ನೋವಿಗೆ ಇದಕ್ಕಿಂತ ನೇರವಾದ ಕಾರಣ ಬೇಕಿಲ್ಲ. ಸವಾರನಿಗೆ ತನ್ನ ತೂಗಾಟ ಗೊತ್ತಾಗುವುದಿಲ್ಲ; ಹಿಂದೆ ಬರುವ ಜೊತೆಗಾರ ಕಂಡು ಹೇಳಬೇಕು. ಸೀಟು ತೀರಾ ತಗ್ಗಾದರೆ ಬೆನ್ನಿಗಿಂತ ಮೊದಲು ಮಂಡಿಯ ಮುಂಭಾಗ ನೋಯುತ್ತದೆ.

ಸೀಟಿನ ಓರೆಯ ವಿಷಯ ಸೂಕ್ಷ್ಮವಾದದ್ದು. ಇಲ್ಲಿ ಬೆನ್ನಿಗೆ ಹಿತವಾದದ್ದು ಕೈಗೆ ಅಹಿತವಾಗಬಹುದು. ಸೀಟಿನ ಮೂತಿ ಮೇಲೆದ್ದಿದ್ದರೆ ಮೃದುಭಾಗಕ್ಕೆ ಒತ್ತಡ ಬೀಳುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಸವಾರ ಸೊಂಟವನ್ನು ಹಿಂದಕ್ಕೆ ವಾಲಿಸಿ ಬೆನ್ನನ್ನು ಬಿಲ್ಲಾಗಿ ಬಗ್ಗಿಸುತ್ತಾನೆ. ಬೆನ್ನುನೋವಿದ್ದ ಸೈಕಲ್ ಸವಾರರ ಸೀಟಿನ ಮೂತಿಯನ್ನು 10ರಿಂದ 15 ಡಿಗ್ರಿಯಷ್ಟು ತಗ್ಗಿಸಿದಾಗ ಅನೇಕರ ನೋವು ಇಳಿಯಿತೆಂದು ಇಸ್ರೇಲಿನ ವೈದ್ಯರು 1999ರಲ್ಲಿ ವರದಿ ಮಾಡಿದ್ದರು. ಸೊಂಟ ಮುಂದಕ್ಕೆ ಉರುಳಲು ಜಾಗ ಸಿಕ್ಕಿ ಕೆಳಬೆನ್ನಿನ ಮೇಲಿನ ಎಳೆತ ತಗ್ಗುವುದೇ ಇದಕ್ಕೆ ಕಾರಣ. ಆದರೆ ದೂರದ ಸವಾರಿಯಲ್ಲಿ ಅಷ್ಟು ಇಳಿಜಾರಾದ ಸೀಟಿನ ಮೇಲೆ ದೇಹ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಆ ಜಾರಿಕೆಯನ್ನು ತಡೆಯಬೇಕಾದ್ದು ಅಂಗೈಗಳು. ಹೀಗಾಗಿ ಹೆಚ್ಚಿನವರಿಗೆ ಒಪ್ಪುವುದು ಸಮತಲ, ಇಲ್ಲವೇ ಮೂತಿಯ ಕಡೆಗೆ ಒಂದೆರಡು ಡಿಗ್ರಿಯ ಇಳಿತ. ಸೈಕಲನ್ನು ಸಮನೆಲದಲ್ಲಿ ನಿಲ್ಲಿಸಿ, ಸೀಟಿನ ಉದ್ದಕ್ಕೂ ಒಂದು ಹಲಗೆ ಇಟ್ಟು, ಅದರ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟರೆ ಓರೆ ಕಾಣುತ್ತದೆ.

ಸೀಟು ಎಷ್ಟು ಹಿಂದಿರಬೇಕು ಎಂಬುದಕ್ಕೆ ಅಂಗಡಿಗಳಲ್ಲಿ ತೂಗುಗುಂಡಿನ ಪರೀಕ್ಷೆ ಮಾಡುವುದುಂಟು. ಕ್ರ್ಯಾಂಕ್ ನೆಲಕ್ಕೆ ಸಮಾನಾಂತರವಾಗಿದ್ದಾಗ ಮಂಡಿಚಿಪ್ಪಿನ ಕೆಳಗಿನಿಂದ ಬಿಟ್ಟ ದಾರ ಪೆಡಲ್‌ನ ಅಚ್ಚಿನ ಮೇಲೆ ಬೀಳಬೇಕೆನ್ನುವುದು ಅದರ ನಿಯಮ. ಇದು ಅನುಕೂಲದ ಗುರುತು ಮಾತ್ರ. ಹೀಗೇ ಇರಬೇಕೆನ್ನಲು ದೇಹಶಾಸ್ತ್ರದಲ್ಲಿ ಗಟ್ಟಿ ಆಧಾರವಿಲ್ಲ. ಕೈಯ ಜೋಮಿನ ಮಟ್ಟಿಗೆ ಹೆಚ್ಚು ಉಪಯುಕ್ತವಾದದ್ದು ಸಮತೋಲನದ ಪರೀಕ್ಷೆ. ವಾಹನಗಳಿಲ್ಲದ ಸಮರಸ್ತೆಯಲ್ಲಿ ಸ್ವಲ್ಪ ಒತ್ತಿ ತುಳಿಯುತ್ತಾ, ಎದೆಯ ಬಾಗುವಿಕೆ ಬದಲಿಸದೆ ಅಂಗೈಗಳನ್ನು ಹ್ಯಾಂಡಲಿನಿಂದ ಕೂದಲೆಳೆಯಷ್ಟು ಎತ್ತಿ ನೋಡಬೇಕು. ದೇಹ ಹಾಗೆಯೇ ನಿಂತರೆ ಭಾರ ಕಾಲು ಮತ್ತು ಸೀಟಿನ ಮೇಲಿದೆ. ಮುಂದಕ್ಕೆ ಮುಗ್ಗರಿಸಿದರೆ ಆ ಭಾರವನ್ನು ಅಷ್ಟು ಹೊತ್ತೂ ಕೈಗಳು ಹೊತ್ತಿದ್ದವು ಎಂದರ್ಥ; ಸೀಟನ್ನು ಅದರ ಕಂಬಿಗಳ ಮೇಲೆ ಅರ್ಧ ಸೆಂಟಿಮೀಟರಿನಂತೆ ಹಿಂದಕ್ಕೆ ಸರಿಸುತ್ತಾ ಮತ್ತೆ ನೋಡಬೇಕು. ಕೈಬಿಟ್ಟು ಸವಾರಿ ಮಾಡಲು ಅಳುಕಿರುವವರು ಸೈಕಲನ್ನು ಟ್ರೈನರ್ ಸ್ಟ್ಯಾಂಡಿಗೆ ಹಾಕಿ ಇದನ್ನೇ ಮಾಡಬಹುದು.

ಇಷ್ಟಾದ ಮೇಲೆ ಹ್ಯಾಂಡಲ್. ದೂರ ಹೋಗುವವರು ಅದನ್ನು ಸೀಟಿನ ಮಟ್ಟಕ್ಕೆ, ಬೆನ್ನು ಬಿಗಿಯಿರುವವರು ಎರಡು ಮೂರು ಸೆಂಟಿಮೀಟರ್ ಮೇಲಕ್ಕೆ ಇಟ್ಟುಕೊಂಡು ಶುರುಮಾಡುವುದು ಒಳ್ಳೆಯದು. ಈಗಿನ ಗೇರ್ ಸೈಕಲ್‌ಗಳಲ್ಲಿ ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್‌ನ ಮೇಲೆ ಕೆಳಗೆ ಸ್ಪೇಸರ್ ಎಂಬ ಬಳೆಗಳಿರುತ್ತವೆ. ಮೇಲಿನವನ್ನು ಸ್ಟೆಮ್‌ನ ಕೆಳಗೆ ಹಾಕಿದರೆ ಹ್ಯಾಂಡಲ್ ಏರುತ್ತದೆ. ಸ್ಟೆಮ್ಮನ್ನೇ ತಿರುವಿ ಹಾಕಿದರೆ ಇನ್ನೂ ಒಂದೆರಡು ಸೆಂಟಿಮೀಟರ್ ಸಿಗಬಹುದು. ಹಳೆಯ ಮಾದರಿಯ ಸೈಕಲ್‌ಗಳಲ್ಲಿ ಹ್ಯಾಂಡಲಿನ ಕಂಬವನ್ನೇ ಮೇಲೆಳೆಯಬಹುದು, ಆದರೆ ಅದರ ಮೇಲೆ ಕೊರೆದ ಮಿತಿಯ ಗೆರೆ ಹೊರಗೆ ಕಾಣುವಷ್ಟು ಎಳೆಯಲೇಬಾರದು. ಸೀಟಿನ ಕಂಬಕ್ಕೂ ಇದೇ ನಿಯಮ. ದೂರದ ವಿಷಯಕ್ಕೆ ಬಂದರೆ, ಹಿಡಿಕೆ ಹಿಡಿದಾಗ ಮೊಣಕೈ ತುಸು ಬಾಗಿರಬೇಕು, ಭುಜಗಳು ಕಿವಿಯತ್ತ ಏರಿರಬಾರದು. ಮೊಣಕೈ ನೆಟ್ಟಗೆ ಬಿಗಿದುಕೊಂಡಿದ್ದರೆ ರಸ್ತೆಯ ಪ್ರತಿ ಕುಲುಕೂ ನೇರ ಮಣಿಕಟ್ಟಿಗೆ, ಅಲ್ಲಿಂದ ಕತ್ತಿಗೆ ತಲುಪುತ್ತದೆ.

ಜೋಮು ಯಾವ ಬೆರಳಿಗೆ ಎಂಬುದನ್ನು ಗಮನಿಸಿದರೆ ಅರ್ಧ ರೋಗನಿದಾನ ಆದಂತೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಹೋಗುವ ಅಲ್ನಾರ್ ನರ, ಮಣಿಕಟ್ಟಿನ ಕಿರುಬೆರಳ ಬದಿಯಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಅಂಗೈಯ ಹೊರಬುಡವನ್ನು ಹ್ಯಾಂಡಲಿಗೆ ಊರಿ ಕೂತರೆ ಒತ್ತಡ ಬೀಳುವುದು ಇದರ ಮೇಲೆಯೇ. ಸೈಕಲ್ ಸವಾರರಲ್ಲಿ ಹೆಚ್ಚು ಕಾಣುವ ಜೋಮು ಇದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ತೊಂದರೆಯಾಗಿರುವುದು ಮಣಿಕಟ್ಟಿನ ನಡುವಿನ ಸುರಂಗದಲ್ಲಿ ಹೋಗುವ ಮೀಡಿಯನ್ ನರಕ್ಕೆ. ಮಣಿಕಟ್ಟು ಹಿಂದಕ್ಕೆ ಮುರಿದಂತೆ ಮಡಚಿರುವುದು ಇದಕ್ಕೆ ಸಾಮಾನ್ಯ ಕಾರಣ. ನೇರ ಹ್ಯಾಂಡಲಿನ ಸೈಕಲ್‌ಗಳಲ್ಲಿ ಬ್ರೇಕ್ ಹಿಡಿಗಳು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿದ್ದರೆ ಬೆರಳಿಟ್ಟಾಗ ಮಣಿಕಟ್ಟು ಹೀಗೆ ಮಡಚಲೇಬೇಕು. ಸ್ಕ್ರೂ ಸಡಿಲಿಸಿ ಹಿಡಿಗಳನ್ನು ಕೆಳಮುಖವಾಗಿ ತಿರುಗಿಸಿ, ಮುಂಗೈ, ಅಂಗೈ, ಬೆರಳು ಒಂದೇ ಗೆರೆಗೆ ಬರುವಂತೆ ಮಾಡುವುದು ಐದು ನಿಮಿಷದ, ಖರ್ಚಿಲ್ಲದ ಕೆಲಸ.

ಈ ಹೊಂದಾಣಿಕೆಗಳು ಒಂದಕ್ಕೊಂದು ಹೇಗೆ ತಗಲಿಕೊಂಡಿವೆ ಎಂಬುದು ಒಂದು ಉದಾಹರಣೆಯಿಂದ ತಿಳಿಯುತ್ತದೆ. ಒಬ್ಬ ಸವಾರನ ಒಳಗಾಲಿನ ಅಳತೆ 78 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಲೆಕ್ಕದ ಪ್ರಕಾರ ಸೀಟು 68.9ರಲ್ಲಿರಬೇಕು; ಇರುವುದು 71ರಲ್ಲಿ. ಸೀಟಿನ ಮೂತಿ ಕೆಳಗಿಳಿದಿದೆ, ಹ್ಯಾಂಡಲ್ ಸೀಟಿಗಿಂತ 5 ಸೆಂಟಿಮೀಟರ್ ತಗ್ಗಿನಲ್ಲಿದೆ. ನಲವತ್ತು ಕಿಲೋಮೀಟರಿಗೆ ಕಿರುಬೆರಳು ಮರಗಟ್ಟುತ್ತದೆ, ವಾಪಸು ಬರುವಾಗ ಸೊಂಟ ಹಿಡಿಯುತ್ತದೆ. ಸೀಟನ್ನು 2 ಸೆಂಟಿಮೀಟರ್ ಇಳಿಸಿದರೆ ತೂಗಾಟ ನಿಲ್ಲುತ್ತದೆ, ಹ್ಯಾಂಡಲ್ ಮುಟ್ಟದೆಯೇ ಅದರ ತಗ್ಗು 5ರಿಂದ 3ಕ್ಕೆ ಬರುತ್ತದೆ. ಆದರೆ ಸೀಟಿನ ಕೊಳವೆ ಓರೆಯಾಗಿರುವುದರಿಂದ ಇಳಿಯುವ ಸೀಟು ಸುಮಾರು 6 ಮಿಲಿಮೀಟರ್ ಮುಂದಕ್ಕೂ ಬಂದಿರುತ್ತದೆ. ಇದನ್ನು ಮರೆತರೆ ಕೈಯ ಮೇಲಿನ ಭಾರ ಹಾಗೇ ಉಳಿಯುತ್ತದೆ. ಆದ್ದರಿಂದ ಮೂತಿಯನ್ನು ಸಮತಲಕ್ಕೆ ತಂದು ಸೀಟನ್ನು 15 ಮಿಲಿಮೀಟರ್ ಹಿಂದಕ್ಕೆ ಸರಿಸಬೇಕು. ಮೊದಲಿನದಕ್ಕೆ ಹೋಲಿಸಿದರೆ ನಿಜವಾಗಿ ಹಿಂದೆ ಹೋದದ್ದು 9 ಮಿಲಿಮೀಟರ್. ಹಿಂದೆ ಸರಿದ ಸೀಟು ಪೆಡಲಿನಿಂದ ತುಸು ದೂರವೂ ಆಗುವುದರಿಂದ ಇನ್ನೊಂದು 4 ಮಿಲಿಮೀಟರ್ ಇಳಿಸಿದರೆ ಎತ್ತರ ಸರಿಹೋಗುತ್ತದೆ. ಈಗ ಹ್ಯಾಂಡಲ್ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ದೂರವಾಗಿದೆ. ಸವಾರ ಕೈಚಾಚಿ ಬಿಗಿದುಕೊಳ್ಳುವಂತಾದರೆ 110 ಮಿಲಿಮೀಟರಿನ ಸ್ಟೆಮ್ ತೆಗೆದು 100ರದು ಹಾಕಬೇಕಾಗುತ್ತದೆ. ಇದೆಲ್ಲವನ್ನೂ ಒಂದೇ ದಿನ ಮಾಡಿ ಮರುದಿನ ನೂರು ಕಿಲೋಮೀಟರ್ ಹೊರಡುವುದು ತಪ್ಪು. ಸೀಟನ್ನು ಒಮ್ಮೆಗೆ ಅರ್ಧ ಸೆಂಟಿಮೀಟರಿನಂತೆ ಇಳಿಸಿ, ನಡುವೆ ಎರಡು ಮೂರು ಚಿಕ್ಕ ಸವಾರಿ ಮಾಡಿದರೆ ಮಂಡಿ ಹೊಂದಿಕೊಳ್ಳುತ್ತದೆ, ಯಾವ ಬದಲಾವಣೆಯಿಂದ ಏನಾಯಿತೆಂದೂ ಗೊತ್ತಾಗುತ್ತದೆ. ಹಳೆಯ ಜಾಗಕ್ಕೆ ಟೇಪಿನ ಗುರುತು ಹಾಕಿಟ್ಟರೆ ಹಿಂದಿರುಗುವ ದಾರಿಯೂ ಇರುತ್ತದೆ.

ಎಷ್ಟು ಚೆನ್ನಾಗಿ ಹೊಂದಿಸಿದ ಸೈಕಲ್ ಆದರೂ ಗಂಟೆಗಟ್ಟಲೆ ಅಲುಗಾಡದೆ ಕೂತವರನ್ನು ಕಾಯಲಾರದು. ಬಾಗುವುದು ಬೆನ್ನಿನ ನಡುವಿನಿಂದಲ್ಲ, ಸೊಂಟದ ಕೀಲಿನಿಂದ. ಹೊಕ್ಕುಳು ಮುಂದಕ್ಕೆ ಬರುವಂತೆ ಸೊಂಟ ಉರುಳಬೇಕು, ಬೆನ್ನು ಉದ್ದವಾಗಿ ಉಳಿಯಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಹತ್ತಾರು ಸುತ್ತು ತುಳಿದರೆ ಸೊಂಟ ಬಿಚ್ಚಿಕೊಳ್ಳುತ್ತದೆ, ಕೂತ ಜಾಗಕ್ಕೆ ರಕ್ತ ಹರಿಯುತ್ತದೆ. ಕೈಗಳ ಜಾಗವನ್ನು ಇದಕ್ಕಿಂತಲೂ ಬೇಗ, ಐದು ನಿಮಿಷಕ್ಕೊಮ್ಮೆಯಾದರೂ ಬದಲಿಸಬೇಕು. ಬಾಗಿದ ರೇಸ್ ಹ್ಯಾಂಡಲಿನಲ್ಲಿ ಮೇಲೆ, ಬ್ರೇಕಿನ ಗುಬುಟಿನ ಮೇಲೆ, ಕೆಳಗಿನ ಬಾಗಿನಲ್ಲಿ ಎಂದು ಮೂರು ಹಿಡಿತಗಳಿವೆ. ನೇರ ಹ್ಯಾಂಡಲಿನಲ್ಲಿ ಒಂದೇ ಹಿಡಿತವಿರುವುದರಿಂದ ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸುವುದು ದುಡ್ಡಿಗೆ ತಕ್ಕ ಉಪಾಯ. ನಂದಿಬೆಟ್ಟದಂಥ ಏರಿನಲ್ಲಿ ಭಾರಿ ಗೇರಿನಲ್ಲೇ ಹಟಕ್ಕೆ ಬಿದ್ದು ತುಳಿಯುವವರು ಪ್ರತಿ ತುಳಿತಕ್ಕೂ ಕೆಳಬೆನ್ನಿನಿಂದ ಎಳೆಯುತ್ತಾರೆ. ಹಗುರ ಗೇರಿಗೆ ಇಳಿದು ಕಾಲುಗಳನ್ನು ಬೇಗ ಬೇಗ ಸುತ್ತಿಸಿದರೆ ಅದೇ ಏರು ಸೊಂಟವನ್ನು ಕಾಡುವುದಿಲ್ಲ. ಟೈರಿಗೆ ಅತಿಯಾಗಿ ಗಾಳಿ ತುಂಬಿ ಕಲ್ಲಿನಂತೆ ಮಾಡುವುದೂ ಅಂಗೈಯ ನರಗಳಿಗೆ ಕುಲುಕಾಟ ಹೆಚ್ಚಿಸುತ್ತದೆ.

ಸವಾರಿ ಮುಗಿದು ಸ್ವಲ್ಪ ಹೊತ್ತಿನಲ್ಲಿ ಬಿಡುವ ಜೋಮು ಹೊಂದಾಣಿಕೆಯ ಮಾತು. ಅದು ದಿನಗಟ್ಟಲೆ ಉಳಿದರೆ, ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಹಿಡಿದ ಕಾಗದವನ್ನು ಇನ್ನೊಬ್ಬರು ಎಳೆದಾಗ ಸುಲಭವಾಗಿ ಜಾರಿಹೋದರೆ, ಬೆರಳುಗಳನ್ನು ಅಗಲಿಸಲು ಕಷ್ಟವಾದರೆ ನರ ಬಲ ಕಳೆದುಕೊಳ್ಳುತ್ತಿದೆ ಎಂದು ತಿಳಿದು, ಸೈಕಲ್ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬೆನ್ನುನೋವು ಮಂಡಿಯಿಂದ ಕೆಳಗೂ ಝುಮ್ಮೆಂದು ಇಳಿಯುತ್ತಿದ್ದರೆ, ಕಾಲಿನ ಬಲ ಕುಂದಿದರೆ ಅದು ಸೀಟಿನ ತಿರುಪು ತಿರುಗಿಸಿ ಹೋಗುವ ತೊಂದರೆಯಲ್ಲ. ಬೆನ್ನುನೋವಿನ ಜೊತೆಗೆ ಮೂತ್ರದ ಮೇಲಿನ ಹತೋಟಿ ತಪ್ಪಿದರೆ, ಇಲ್ಲವೇ ತೊಡೆಗಳ ಸಂದಿಯ ಸ್ಪರ್ಶವೇ ಹೋದರೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.