ನೀರಿಲ್ಲದ ನೆಲದ ಹಗಲಿರುಳು

ಪಶ್ಚಿಮ ರಾಜಸ್ಥಾನದ ಜೈಸಲ್ಮೇರಿನಲ್ಲಿ ಮೇ ತಿಂಗಳ ಅಪರಾಹ್ನದ ಉಷ್ಣತೆಯು ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರಿ, ಮರುದಿನ ಸೂರ್ಯನು ಮೂಡುವ ಹೊತ್ತಿಗೆ 26ರ ಸಮೀಪಕ್ಕೆ ಇಳಿದಿರುತ್ತದೆ. ಅದೇ ತಿಂಗಳಲ್ಲಿ ಮಂಗಳೂರಿನ ಹಗಲು 33ರವರೆಗೆ ಏರಿದರೂ ಇರುಳು 25-26ಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಒಂದು ದಿನದ ಗರಿಷ್ಠ ಉಷ್ಣತೆಯಿಂದ ಕನಿಷ್ಠ ಉಷ್ಣತೆಯನ್ನು ಕಳೆದರೆ ಬರುವ ಶೇಷಕ್ಕೆ ದೈನಿಕ ತಾಪಾಂತರವೆಂದು ಹೆಸರು. ಜೈಸಲ್ಮೇರಿನಲ್ಲಿ ಅದು ಸುಮಾರು 16, ಮಂಗಳೂರಿನಲ್ಲಿ ಅದರ ಅರ್ಧ. ಮರುಭೂಮಿಯ ಸ್ವಭಾವವನ್ನು ಅರಿಯಬೇಕೆಂಬವನು ಅದರ ಬಿಸಿಲಿಗಿಂತಲೂ ಹೆಚ್ಚಾಗಿ ಈ ಅಂತರವನ್ನೇ ವಿಚಾರಿಸತಕ್ಕದ್ದು.

ಆದರೆ ಅದಕ್ಕೆ ಮುನ್ನ ಒಂದು ಅತಿಶಯೋಕ್ತಿಯನ್ನು ಬದಿಗಿಡಬೇಕು. ಮರುಭೂಮಿಯಲ್ಲಿ ಹಗಲು ಐವತ್ತು ಡಿಗ್ರಿ ಸುಡುತ್ತದೆ, ಅದೇ ಇರುಳು ನೀರು ಹೆಪ್ಪುಗಟ್ಟುತ್ತದೆ ಎಂಬ ಮಾತು ಜನಜನಿತವಾಗಿದೆ. ಥಾರ್ ಮರುಭೂಮಿಯಲ್ಲಿ ಎರಡೂ ಸಂಭವಿಸುವುದು ನಿಜ, ಒಂದೇ ದಿನ ಸಂಭವಿಸುತ್ತವೆಂಬುದು ಮಾತ್ರ ನಿಜವಲ್ಲ. ಜೋಧಪುರದ ಉತ್ತರಕ್ಕಿರುವ ಫಲೋದಿಯಲ್ಲಿ 51 ಡಿಗ್ರಿ ದಾಖಲಾದದ್ದು 2016ರ ಮೇ 19ರಂದು. ನೀರು ಹೆಪ್ಪುಗಟ್ಟುವ ಇರುಳುಗಳಾದರೋ ಡಿಸೆಂಬರ್ ಜನವರಿಗಳಲ್ಲಿ ಬರತಕ್ಕವು, ಆಗ ಹಗಲಿನ ಬಿಸಿಯೇ 23-24 ಡಿಗ್ರಿಗೆ ನಿಂತುಬಿಟ್ಟಿರುತ್ತದೆ. ಇನ್ನೂ ಒಂದು ಸಂಗತಿಯನ್ನು ಗಮನದಲ್ಲಿಡಬೇಕು: ಹವಾಮಾನ ಇಲಾಖೆಯವರು ಅಳೆಯುವುದು ನೆಲದಿಂದ ಒಂದು ಮೀಟರಿಗಿಂತ ಸ್ವಲ್ಪ ಮೇಲೆ, ಬಿಸಿಲು ತಾಗದಂತೆ ಬಿಳಿಯ ಪೆಟ್ಟಿಗೆಯೊಳಗಿರಿಸಿದ ಉಷ್ಣಮಾಪಕವು ತೋರುವ ಗಾಳಿಯ ಉಷ್ಣತೆಯನ್ನು. ಅದೇ ಹೊತ್ತಿನಲ್ಲಿ ಮರಳಿನ ಮೇಲ್ಮೈ 65-70 ಡಿಗ್ರಿ ಕಾದಿರಬಹುದು. ಅದರ ಏರಿಳಿತವು ಗಾಳಿಯ ಏರಿಳಿತಕ್ಕಿಂತ ಎರಡು ಪಟ್ಟಿಗೂ ಮೀರಿದುದು.

ಹಗಲಿನ ವ್ಯವಹಾರವನ್ನು ಮೊದಲು ನೋಡೋಣ. ಮೋಡವಿಲ್ಲದ ಮೇ ತಿಂಗಳ ದಿನವೊಂದರಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಸೌರಶಕ್ತಿ ಸುಮಾರು 25 ಮೆಗಾಜೂಲ್ ಎಂದಿಟ್ಟುಕೊಳ್ಳಬಹುದು. ಆ ನೆಲವು ನೀರುಂಡ ಗದ್ದೆಯಾಗಿದ್ದರೆ ಸಂಜೆಯೊಳಗೆ ಅಲ್ಲಿಂದ ಐದು ಲೀಟರಿನಷ್ಟು ನೀರು ಆವಿಯಾಗಿ ಹೋದೀತು. ಒಂದೊಂದು ಲೀಟರಿಗೆ ಸುಮಾರು 2.4 ಮೆಗಾಜೂಲ್ ವೆಚ್ಚವಾಗುವುದರಿಂದ, ಬಂದ ಶಕ್ತಿಯ ಅರ್ಧದ ಹತ್ತಿರದ ಪಾಲು ನೆಲವನ್ನು ಒಂದು ಡಿಗ್ರಿಯಷ್ಟೂ ಬಿಸಿ ಮಾಡದೆ ಗುಪ್ತೋಷ್ಣದ ರೂಪದಲ್ಲಿ ಆವಿಯೊಡನೆ ಹೊರಟುಹೋಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣದಿಂದ. ಒಣಮರಳಿಗೆ ಈ ವೆಚ್ಚದ ಮಾರ್ಗವೇ ಇಲ್ಲವಾದಕಾರಣ, ಹೀರಿಕೊಂಡದ್ದೆಲ್ಲವೂ ನೆಲವನ್ನೂ ಅದಕ್ಕೆ ತಾಗಿದ ಗಾಳಿಯನ್ನೂ ಕಾಯಿಸುವುದರಲ್ಲಿಯೇ ವಿನಿಯೋಗವಾಗುತ್ತದೆ.

ಬಂದ ಉಷ್ಣವು ಆಳಕ್ಕಾದರೂ ಇಳಿದು ಹಂಚಿಹೋಗಬಹುದಾಗಿತ್ತಲ್ಲ ಎಂದು ಕೇಳಬಹುದು. ಅದೂ ಆಗುವುದಿಲ್ಲ. ಮರಳು ಬೇಗ ಕಾಯುವುದು ಅದು ಒಳ್ಳೆಯ ಉಷ್ಣವಾಹಕವಾದುದರಿಂದಲೆಂದು ಕೆಲವರು ತಿಳಿದಿರುವುದುಂಟು. ನಿಜಸ್ಥಿತಿ ಅದಕ್ಕೆ ತದ್ವಿರುದ್ಧ. ಕಣಕಣಗಳ ನಡುವೆ ಗಾಳಿಯನ್ನು ತುಂಬಿಕೊಂಡಿರುವ ಒಣಮರಳು ಉಷ್ಣವನ್ನು ಬಹು ಮಂದವಾಗಿ ಸಾಗಿಸುತ್ತದೆ. ಆದುದರಿಂದಲೇ ದಿನದ ಬಿಸಿಯೆಲ್ಲ ಮೇಲಿನ ತೆಳುವಾದ ಪದರದಲ್ಲಿ ಸಿಕ್ಕಿಕೊಂಡು ಅದನ್ನು ಅಷ್ಟು ಉಗ್ರವಾಗಿ ಕಾಯಿಸುತ್ತದೆ. ಮೇಲ್ಮೈಯ ದೈನಿಕ ಏರಿಳಿತವು ಎಂಟು ಸೆಂಟಿಮೀಟರ್ ಆಳದಲ್ಲಿ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಿನ ಮಟ್ಟಕ್ಕೆ ಇಳಿಯುತ್ತದೆ. ಒಂದು ಗೇಣು ಆಳದಲ್ಲಿ ಸುಮಾರು ಇಪ್ಪತ್ತನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಮೇಲೆ ನಲವತ್ತೈದು ಡಿಗ್ರಿಗಳ ತುಯ್ದಾಟ ನಡೆಯುತ್ತಿರುವಾಗ ಗೇಣುದ್ದದ ಬಿಲದೊಳಗಿನ ಜೀವಿಗೆ ಎರಡು ಮೂರು ಡಿಗ್ರಿಗಳ ವ್ಯತ್ಯಾಸವಷ್ಟೇ ತಿಳಿದೀತು. ಮರುಭೂಮಿಯ ಇಲಿಗಳೂ ಹಲ್ಲಿಗಳೂ ಹಗಲೆಲ್ಲ ಎಲ್ಲಿ ಅಡಗಿರುತ್ತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊತ್ತು ಮುಳುಗಿತೆಂದರೆ ಜಮೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಸಕಲ ಪದಾರ್ಥಗಳೂ ಸದಾ ಉಷ್ಣವನ್ನು ಹೊರಚೆಲ್ಲುತ್ತಿರುತ್ತವೆ. 27 ಡಿಗ್ರಿಯಲ್ಲಿರುವ ನೆಲದ ಪ್ರತಿ ಚದರ ಮೀಟರಿನಿಂದ ಹೀಗೆ ಹೋಗುವುದು ಸುಮಾರು 450 ವಾಟ್. ಇದನ್ನು ಯಾರೂ ಹಿಂದಿರುಗಿಸದಿದ್ದಲ್ಲಿ ಭೂಮಿಯ ಇರುಳುಗಳು ಘೋರವಾಗುತ್ತಿದ್ದವು. ಹಿಂದಿರುಗಿಸುವುದು ಗಾಳಿ, ಅದರಲ್ಲಿಯೂ ಮುಖ್ಯವಾಗಿ ಗಾಳಿಯಲ್ಲಿನ ನೀರಾವಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1859ರಿಂದ ಅನಿಲಗಳ ಮೇಲೆ ಪ್ರಯೋಗ ನಡೆಸಿದ ಜಾನ್ ಟಿಂಡಲ್ ಎಂಬ ವಿಜ್ಞಾನಿಯು ಆಮ್ಲಜನಕ, ಸಾರಜನಕಗಳು ಇಂತಹ ಕಿರಣಗಳನ್ನು ತಡೆಯದೆ ಬಿಟ್ಟುಬಿಡುತ್ತವೆಂದೂ, ಅಲ್ಪ ಪ್ರಮಾಣದ ನೀರಾವಿಯು ಅವನ್ನು ಬಲವಾಗಿ ಹೀರುತ್ತದೆಂದೂ ತೋರಿಸಿಕೊಟ್ಟನು. ಸಹಾರಾದ ಇರುಳಿನ ಚಳಿಗೆ ಕಾರಣ ಅಲ್ಲಿನ ಗಾಳಿಯ ಶುಷ್ಕತೆಯೇ ಎಂಬುದನ್ನೂ ಅವನೇ ವಿವರಿಸಿದನು. ಮೋಡ ಕವಿದ ಇರುಳಿನಲ್ಲಿ ನೆಲವು ಕೊಟ್ಟುದರ ಬಹುಪಾಲು ಅದಕ್ಕೆ ಮರಳಿ ಬರುತ್ತದೆ. ಮರುಭೂಮಿಯ ನಿರಭ್ರವಾದ ಒಣ ಆಕಾಶದಿಂದ ಬರುವುದು ಕಡಿಮೆ. ನೆಲಕ್ಕೆ ಚದರ ಮೀಟರಿಗೆ ಸುಮಾರು 100 ವಾಟ್ ನಷ್ಟ ನಿಲ್ಲುತ್ತದೆ.

ಈ ನಷ್ಟದ ಫಲವೇನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹತ್ತು ಗಂಟೆಗಳ ಇರುಳಿನಲ್ಲಿ ಹೋಗುವುದು 3.6 ಮೆಗಾಜೂಲ್. ಅದನ್ನು ತೆರಬೇಕಾದದ್ದು ಮೇಲಿನ ಹದಿನೈದು ಸೆಂಟಿಮೀಟರ್ ಮರಳೆಂದು ಭಾವಿಸಿದರೆ, ಅಷ್ಟು ಮರಳನ್ನು ಒಂದು ಡಿಗ್ರಿ ತಣಿಸಲು ಸುಮಾರು 0.19 ಮೆಗಾಜೂಲ್ ತೆಗೆದರೆ ಸಾಕಾದುದರಿಂದ, ಬೆಳಗಾಗುವಾಗ ಅದರ ಉಷ್ಣತೆ ಹತ್ತೊಂಬತ್ತು ಡಿಗ್ರಿ ಇಳಿದಿರಬೇಕು. ಇದೇ ನಷ್ಟವು ಅಲೆಗಳಿಂದ ಕದಡಿಹೋಗಿರುವ ಹತ್ತು ಮೀಟರ್ ಆಳದ ಸಮುದ್ರಜಲಕ್ಕೆ ಒದಗಿದರೆ ಇಳಿಯುವುದು ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು. ಮಂಗಳೂರಿನ ಇರುಳು ತಣಿಯಲೊಲ್ಲದಿರುವುದಕ್ಕೆ ಎದುರಿಗಿರುವ ಕಡಲೂ, ಆ ಕಡಲು ಗಾಳಿಗೆ ತುಂಬುವ ಆವಿಯೂ ಜಂಟಿಯಾಗಿ ಹೊಣೆ. ಈ ಗಣಿತವು ಸ್ಥೂಲವಾದುದೆಂಬುದನ್ನು ಮರೆಯಬಾರದು: ಮರಳು ತಣಿದಂತೆಲ್ಲ ಅದರ ವಿಕಿರಣವೂ ಕುಗ್ಗುತ್ತದೆ, ಮೇಲಿನ ಗಾಳಿಯೂ ಒಂದಿಷ್ಟು ಉಷ್ಣವನ್ನು ಕೆಳಕ್ಕೆ ಕೊಡುತ್ತದೆ, ಇರುಳಲ್ಲಿ ಗಾಳಿ ಬೀಸಿದರಂತೂ ಮೇಲಿನ ಬೆಚ್ಚನೆಯ ಪದರವು ಕೆಳಗಿನದರೊಡನೆ ಬೆರೆತು ಚಳಿಯನ್ನು ತಗ್ಗಿಸಿಬಿಡುತ್ತದೆ.

ಒಣ ಆಕಾಶದ ಈ ಗುಣವನ್ನು ವಿಜ್ಞಾನಿಗಳು ವಿವರಿಸುವುದಕ್ಕೆ ಮುಂಚೆಯೇ ನಮ್ಮ ದೇಶದಲ್ಲಿ ಉಪಯೋಗಿಸಿಕೊಂಡಿದ್ದರು. ಗಂಗಾ ಬಯಲಿನಲ್ಲಿ ಮಂಜುಗಡ್ಡೆ ಮಾಡುವ ಕ್ರಮವನ್ನು ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಸೇನಾಧಿಕಾರಿ 1775ರಲ್ಲಿ ವರ್ಣಿಸಿದ್ದಾನೆ: ಬಯಲಿನಲ್ಲಿ ಆಳವಲ್ಲದ ಗುಂಡಿ ತೋಡಿ, ಒಳಗೆ ಒಣಹುಲ್ಲನ್ನೋ ಕಬ್ಬಿನ ಸೋಗೆಯನ್ನೋ ದಪ್ಪಗೆ ಹಾಸಿ, ಅದರ ಮೇಲೆ ನೀರು ತುಂಬಿದ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಇರಿಸಿದರೆ, ಚಳಿಗಾಲದ ಶುಭ್ರವೂ ನಿಶ್ಚಲವೂ ಆದ ಇರುಳುಗಳಲ್ಲಿ, ಸುತ್ತಲ ಗಾಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದಿದ್ದರೂ, ತಟ್ಟೆಯ ನೀರು ಗಡ್ಡೆಯಾಗುತ್ತಿತ್ತು. ಇದು ಆವಿಯಾಗುವಿಕೆಯ ಫಲವೆಂದು ಹಲವರು ನಂಬಿದ್ದರು. ಇಬ್ಬನಿಯ ಕುರಿತು 1814ರಲ್ಲಿ ಪ್ರಬಂಧ ಬರೆದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು ಅದನ್ನು ಒಪ್ಪದೆ, ನೀರು ತನ್ನ ಉಷ್ಣವನ್ನು ನೇರವಾಗಿ ಆಕಾಶಕ್ಕೆ ಚೆಲ್ಲುವುದೇ ಕಾರಣವೆಂದು ಸಾಧಿಸಿದನು. ಹುಲ್ಲಿನ ಕೆಲಸ ಕೆಳಗಿನ ನೆಲದ ಬಿಸಿಯನ್ನು ತಡೆಯುವುದಷ್ಟೆ. ಗಾಳಿ ಬೀಸಿದ ಇರುಳು, ಮೋಡ ಬಂದ ಇರುಳು, ಗಡ್ಡೆ ಆಗುತ್ತಿರಲಿಲ್ಲವೆಂಬುದು ಅವನ ವಾದಕ್ಕೆ ಬಲವಾದ ಸಾಕ್ಷಿ.

ಇದೆಲ್ಲಕ್ಕೂ ಕಾರಣವು ಮರಳೋ ನೀರಿನ ಅಭಾವವೋ ಎಂಬ ಸಂದೇಹ ಉಳಿದವರು ಮತ್ತೆ ಜೈಸಲ್ಮೇರಿನ ದಾಖಲೆಗಳತ್ತಲೇ ನೋಡಬಹುದು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಮುಂಗಾರಿನ ಆರ್ದ್ರವಾಯುವು ಅಲ್ಲಿಗೂ ತಲುಪಿ, ಆಗಾಗ ಮೋಡ ಕವಿದು, ಅಷ್ಟಿಷ್ಟು ಮಳೆ ನೆಲವನ್ನು ತೋಯಿಸಿದಾಗ, ಹಗಲು 37-38 ಡಿಗ್ರಿಗೆ ತಗ್ಗುತ್ತದೆ, ಇರುಳು ಮಾತ್ರ 26-27ರಲ್ಲೇ ನಿಲ್ಲುತ್ತದೆ. ತಾಪಾಂತರವು ಹದಿನಾರರಿಂದ ಹನ್ನೊಂದಕ್ಕೆ ಇಳಿಯುತ್ತದೆ. ಮರಳು ಅದೇ, ಅಕ್ಷಾಂಶ ಅದೇ, ಬದಲಾದದ್ದು ನೀರು. ಮುಂಗಾರು ದೇಶದಲ್ಲೆಲ್ಲ ಮೊದಲು ಹಿಂದೆಗೆಯುವುದು ಪಶ್ಚಿಮ ರಾಜಸ್ಥಾನದಿಂದಲೇ, ಸೆಪ್ಟೆಂಬರಿನ ಮಧ್ಯಭಾಗದಲ್ಲಿ. ಅಕ್ಟೋಬರಿನ ಹೊತ್ತಿಗೆ ಅಲ್ಲಿನ ಹಗಲು ಇನ್ನೂ 36ರಲ್ಲಿರುವಾಗಲೇ ಇರುಳು 20ಕ್ಕೆ ಇಳಿದು, ಅಂತರವು ಪುನಃ ಹದಿನಾರಕ್ಕೆ ಬಂದಿರುತ್ತದೆ.